ಹಾಡಿಗೆ ಅಡ್ಡ ನಿಂತ ಮೈ

ಜಿಮ್ಮಿನಲ್ಲಿ ಟ್ರೆಡ್‌ಮಿಲ್ ಮೇಲೆ ಓಡುವಾಗ ಚೆನ್ನಾಗಿ ಹಾಡುತ್ತಿದ್ದ ಇಯರ್‌ಬಡ್‌ಗಳು ಕೆರೆಯ ಏರಿ ಮೇಲೆ ಓಡಲು ಹೊರಟ ಕೂಡಲೇ ತೊದಲತೊಡಗುತ್ತವೆ. ಫೋನು ಮನೆಯಲ್ಲಿದೆ, ಹಾಡು ಬರುತ್ತಿರುವುದು ಸ್ಮಾರ್ಟ್‌ವಾಚಿನಿಂದ. ಹತ್ತಾರು ಫೋನು, ವೈಫೈಗಳಿರುವ ಜಾಗದಲ್ಲಿ ಸರಿಯಿದ್ದದ್ದು ಖಾಲಿ ಬಯಲಲ್ಲಿ ಕೆಡುವುದು ವಿಚಿತ್ರವೆನಿಸುತ್ತದೆ. ಇಯರ್‌ಬಡ್ ಹಾಳಾಯಿತೆಂದುಕೊಂಡು ಹೊಸದನ್ನು ತಂದರೂ ಅದೂ ಹಾಗೆಯೇ ತೊದಲಬಹುದು. ಏಕೆಂದರೆ ಅಡ್ಡ ನಿಂತಿರುವುದು ಓಡುವವರ ಮೈ.

ಮೊದಲು ಜೋಡಣೆಯ ಮಾತು. ಎಲ್ಲ ಸ್ಮಾರ್ಟ್‌ವಾಚುಗಳೂ ಹಾಡು ನುಡಿಸುವುದಿಲ್ಲ. ಕಡಿಮೆ ಬೆಲೆಯ ಬಹಳಷ್ಟು ವಾಚುಗಳಲ್ಲಿ ಕಾಣುವ ಸಂಗೀತದ ಗುಂಡಿ ಫೋನಿನ ಹಾಡನ್ನು ನಿಲ್ಲಿಸಲು, ಮುಂದಕ್ಕೆ ಹಾಕಲು ಇರುವ ರಿಮೋಟ್ ಅಷ್ಟೇ. ಹಾಡು ಇಟ್ಟುಕೊಳ್ಳಲು ವಾಚಿನಲ್ಲೇ ಜಾಗವಿರಬೇಕು, ಇಯರ್‌ಬಡ್ ಸೇರಿಸಿಕೊಳ್ಳುವ ಸೌಲಭ್ಯವೂ ಇರಬೇಕು. ಜಾಗ ತುಂಬಾ ಬೇಕಿಲ್ಲ. 128 ಕೆಬಿಪಿಎಸ್ ಗುಣಮಟ್ಟದ ಒಂದು ಗಂಟೆಯ ಎಂಪಿ3 ಹಾಡುಗಳು 60 ಎಂಬಿ ಒಳಗೇ ಮುಗಿಯುತ್ತವೆ.

ಜೋಡಿಸುವಾಗ ಎಡವಟ್ಟಾಗುವುದು ಸಾಮಾನ್ಯವಾಗಿ ಒಂದೇ ಕಡೆ. ಇಯರ್‌ಬಡ್‌ಗಳು ಡಬ್ಬಿಯಿಂದ ಹೊರಬಂದ ಕೂಡಲೇ ಹಳೆಯ ಜೊತೆಗಾರನಾದ ಫೋನನ್ನು ಹುಡುಕಿ ಸೇರಿಕೊಳ್ಳುತ್ತವೆ. ಆಗ ವಾಚಿನ ಪಟ್ಟಿಯಲ್ಲಿ ಅವುಗಳ ಹೆಸರೇ ಬರುವುದಿಲ್ಲ. ಹಾಗಾಗಿ ಸ್ವಲ್ಪ ಹೊತ್ತು ಫೋನಿನ ಬ್ಲೂಟೂತ್ ಆರಿಸಿ. ಬಡ್‌ಗಳನ್ನು ಡಬ್ಬಿಯಲ್ಲೇ ಇಟ್ಟು, ಮುಚ್ಚಳ ತೆರೆದು, ದೀಪ ಮಿನುಗುವವರೆಗೆ ಡಬ್ಬಿಯ ಗುಂಡಿಯನ್ನು ಒತ್ತಿ ಹಿಡಿಯಿರಿ. ಗುಂಡಿಯಿಲ್ಲದ ಮಾದರಿಗಳಲ್ಲಿ ಬಡ್ಡನ್ನೇ ಒತ್ತಿ ಹಿಡಿಯಬೇಕಾಗಬಹುದು. ಆಮೇಲೆ ವಾಚಿನ ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್‌ಗೆ ಹೋಗಿ ಹೆಸರು ಆರಿಸಿದರಾಯಿತು. ಗಾರ್ಮಿನ್ ವಾಚುಗಳಲ್ಲಿ ಇದು ಸಂಗೀತದ ವಿಭಾಗದಲ್ಲಿ, ಹೆಡ್‌ಫೋನ್ ಎಂಬಲ್ಲಿ ಸಿಗುತ್ತದೆ. ಐಫೋನಿಗೆ ಜೋಡಿಸಿದ ಏರ್‌ಪಾಡ್ಸ್ ಅದೇ ಖಾತೆಯ ಆಪಲ್ ವಾಚಿನಲ್ಲಿ ತಾನಾಗಿಯೇ ಕಾಣಿಸುತ್ತದೆ.

ಇನ್ನು ತೊದಲುವಿಕೆ. ಬ್ಲೂಟೂತ್ ಬಳಸುವುದು 2.4 ಗಿಗಾಹರ್ಟ್ಸ್ ಸುತ್ತಿನ ರೇಡಿಯೊ ಅಲೆಗಳನ್ನು. ಮೈಕ್ರೋವೇವ್ ಒಲೆ ಆಹಾರ ಬಿಸಿ ಮಾಡುವುದೂ ಹೆಚ್ಚುಕಡಿಮೆ ಇದೇ ಅಲೆಗಳಿಂದ, ಏಕೆಂದರೆ ನೀರು ಇವನ್ನು ಹೀರಿಕೊಳ್ಳುತ್ತದೆ. ನಮ್ಮ ಮೈಯ ಅರ್ಧಕ್ಕಿಂತ ಹೆಚ್ಚು ಭಾಗ ನೀರೇ. ವಾಚು ಹೊರಡಿಸುವ ಸಂಕೇತವೋ ಕೆಲವೇ ಮಿಲಿವ್ಯಾಟ್‌ಗಳದ್ದು. ಎದೆ, ಭುಜ, ತಲೆಗಳನ್ನು ತೂರಿಕೊಂಡು ಆಚೆ ಕಿವಿಗೆ ತಲುಪುವಷ್ಟರಲ್ಲಿ ಅದರಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಜಿಮ್ಮಿನಲ್ಲಿ ಗೋಡೆ, ಸೂರು, ಕನ್ನಡಿಗಳಿಗೆ ಬಡಿದ ಅಲೆ ತಿರುಗಿ ಬಂದು ಕಿವಿ ಮುಟ್ಟುತ್ತದೆ. ಬಯಲಲ್ಲಿ ತಿರುಗಿಸಿ ಕಳಿಸುವವರು ಯಾರೂ ಇಲ್ಲ.

ಉದಾಹರಣೆಗೆ ವಾಚು ಎಡಗೈಯಲ್ಲಿದೆ ಎನ್ನಿ. ಅನೇಕ ಇಯರ್‌ಬಡ್ ಜೋಡಿಗಳಲ್ಲಿ ಒಂದೇ ಬಡ್ ವಾಚಿನಿಂದ ಹಾಡು ಪಡೆದು ಇನ್ನೊಂದಕ್ಕೆ ದಾಟಿಸುತ್ತದೆ. ಆ ಮುಖ್ಯ ಬಡ್ ಬಲಗಿವಿಯಲ್ಲಿದ್ದರೆ ಸಂಕೇತ ಮೈಯನ್ನು ಅಡ್ಡಲಾಗಿ ದಾಟಬೇಕು. ಎಡಗೈ ಹಿಂದಕ್ಕೆ ಬೀಸಿದಾಗಲೆಲ್ಲ ಸೊಂಟವೂ ಬೆನ್ನೂ ಮಧ್ಯೆ ಬರುತ್ತವೆ. ನಿಮಿಷಕ್ಕೆ 170 ಹೆಜ್ಜೆ ಹಾಕುವವರ ಕೈ 85 ಸಲ ಹಿಂದೆ ಹೋಗುತ್ತದೆ. ಹಾಡು ಕಡಿಯುವುದು ಕೈಬೀಸಿನ ತಾಳಕ್ಕೆ ಸರಿಹೊಂದಿದರೆ ಕಾರಣ ಇದೇ. ಖಚಿತಪಡಿಸಿಕೊಳ್ಳಲು ಗೋಡೆಗಳಿಂದ ದೂರ, ಬಯಲಲ್ಲಿ ನಿಂತು ಎಡಗೈಯನ್ನು ಬೆನ್ನ ಹಿಂದೆ ಇಟ್ಟು ಕೇಳಿ, ಆಮೇಲೆ ಅದೇ ಕೈಯನ್ನು ಬಲಗಿವಿಯ ಹತ್ತಿರ ತನ್ನಿ. ಮೊದಲು ಕಡಿದು ಆಮೇಲೆ ಸರಿಹೋದರೆ ಇಯರ್‌ಬಡ್ಡಿನ ಮೇಲೆ ದೂರಿಲ್ಲ.

ಇದಕ್ಕೆ ಮದ್ದು ಸುಲಭ. ವಾಚನ್ನು ಬಲಗೈಗೆ ಕಟ್ಟಿ, ಸೆಟ್ಟಿಂಗ್ಸ್‌ನಲ್ಲಿ ಕೈ ಬದಲಾಗಿದೆ ಎಂದು ತಿಳಿಸಿ. ಬಲಗೈಗೆ ವಾಚು ಒಗ್ಗದಿದ್ದರೆ ಎಡ ಬಡ್ಡನ್ನೇ ಮುಖ್ಯವಾಗಿಸಲು ನೋಡಬಹುದು: ಕೆಲವು ಮಾದರಿಗಳಲ್ಲಿ ಡಬ್ಬಿಯಿಂದ ಮೊದಲು ಹೊರಬಂದದ್ದೇ ಮುಖ್ಯವಾಗುತ್ತದೆ. ಎಡದ್ದನ್ನು ಮೊದಲು ತೆಗೆದು, ವಾಚಿಗೆ ಸೇರಿದ ಮೇಲೆ ಬಲದ್ದನ್ನು ತೆಗೆಯಿರಿ. ರಸ್ತೆಯಲ್ಲಿ ಓಡುವವರಿಗೆ ಎಡ ಬಡ್ ಒಂದನ್ನೇ ಹಾಕಿಕೊಳ್ಳುವುದು ನನ್ನ ಮಟ್ಟಿಗೆ ಇನ್ನೂ ಮೇಲು, ಹಿಂದಿನ ಹಾರನ್ನೂ ಕೇಳುತ್ತದೆ.

ಎಲ್ಲ ತಡೆಯೂ ಮೈಯದ್ದಲ್ಲ. ಹಾಡು ಹಲವು ಸೆಕೆಂಡು ಪೂರ್ತಿ ನಿಂತು, ನಿಂತಲ್ಲಿಂದಲೇ ಮುಂದುವರಿದರೆ ವಾಚು ಅದನ್ನು ಇಂಟರ್ನೆಟ್ಟಿನಿಂದ ಎಳೆಯುತ್ತಿರಬಹುದು. ಹಾಡುಗಳನ್ನು ಮೊದಲೇ ವೈಫೈನಲ್ಲಿ ಇಳಿಸಿಕೊಂಡರೆ ಈ ಕಾಟ ತಪ್ಪುತ್ತದೆ. ಸ್ಪಾಟಿಫೈಯಲ್ಲಿ ವಾಚಿಗೆ ಹಾಡು ಇಳಿಸಲು ಹಣ ಕೊಟ್ಟ ಖಾತೆ ಬೇಕು. ಮನೆಯಲ್ಲಿ, ಫೋನು ಹತ್ತಿರವಿದ್ದಾಗ ಮಾತ್ರ ತೊಂದರೆಯಾದರೆ ಬಡ್‌ಗಳು ಏಕಕಾಲಕ್ಕೆ ಎರಡು ಸಾಧನಗಳಿಗೆ ಅಂಟಿಕೊಂಡಿರಬಹುದು, ಅವುಗಳ ಆ್ಯಪ್‌ನಲ್ಲಿ ಮಲ್ಟಿಪಾಯಿಂಟ್ ಆರಿಸಿ ನೋಡಿ. ಒಂದೇ ಕಿವಿ ಸುಮ್ಮನಾಗುತ್ತಿದ್ದರೆ ಬಡ್ಡಿನ ಕೆಳಗಿನ ಲೋಹದ ಚುಕ್ಕೆಗಳನ್ನು ಒಣಬಟ್ಟೆಯಿಂದ ಒರೆಸಿ. ಬೆವರಿನ ಪದರದಿಂದ ಆ ಬಡ್ ಸರಿಯಾಗಿ ಚಾರ್ಜ್ ಆಗಿರುವುದಿಲ್ಲ.