ಬಿಸಿಲಿನ ಬಣ್ಣ ಇಳಿಯುವ ಬಗೆ

ಬೇಸಿಗೆ ರಜೆಯಲ್ಲಿ ಲಡಾಖ್‌ಗೆ ಹೋಗಿ ಹತ್ತು ಹನ್ನೆರಡು ದಿನ ಸುತ್ತಾಡಿ ಬಂದವರ ಮುಖ, ಕತ್ತು, ಮುಂಗೈಗಳು ಸಾಮಾನ್ಯವಾಗಿ ಕರ್ರಗಾಗಿರುತ್ತವೆ. ಕೈಗಡಿಯಾರ ಕಟ್ಟಿದ್ದ ಕಡೆ ಮಾತ್ರ ಹಳೆಯ ಬಣ್ಣದ ಪಟ್ಟಿಯೊಂದು ಉಳಿದಿರುತ್ತದೆ. ಅಲ್ಲಿ ತಣ್ಣಗಿತ್ತು, ಬೆವರೇ ಬರಲಿಲ್ಲ, ಆದರೂ ಹೀಗೇಕಾಯಿತು ಎಂದು ಅನೇಕರು ಕೇಳುತ್ತಾರೆ. ಚರ್ಮವನ್ನು ಕಪ್ಪಾಗಿಸುವುದು ಮುಖ್ಯವಾಗಿ ಬಿಸಿಲಿನಲ್ಲಿರುವ ಅತಿನೇರಳೆ ಕಿರಣ. ಕಾವಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಸಾವಿರ ಮೀಟರ್ ಮೇಲೇರಿದರೆ ಈ ಕಿರಣದ ತೀವ್ರತೆ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಲೇಹ್ ಪಟ್ಟಣ ಇರುವುದೇ ಸುಮಾರು 3,500 ಮೀಟರ್ ಎತ್ತರದಲ್ಲಿ. ಕಣಿವೆ ದಾರಿಗಳಲ್ಲಿ ಹೊಸದಾಗಿ ಬಿದ್ದ ಹಿಮವಿದ್ದರೆ ಅದು ಮೇಲೆ ಬಿದ್ದ ಕಿರಣದ ಶೇ 80ರವರೆಗೂ ತಿರುಗಿ ಮುಖಕ್ಕೆ ಎರಚುತ್ತದೆ. ಇಂಥ ಪ್ರವಾಸ ಮುಗಿಸಿ ಬಂದವರು ಮೊದಲ ವಾರದಲ್ಲೇ ನಿಂಬೆಹಣ್ಣು, ಸ್ಕ್ರಬ್, ಬ್ಲೀಚ್‌ಗಳ ಮೊರೆ ಹೋಗುತ್ತಾರೆ. ಚರ್ಮದೊಳಗೆ ಆ ಹೊತ್ತಿಗೆ ಏನು ನಡೆಯುತ್ತಿದೆ ಎಂದು ತಿಳಿದರೆ, ಆ ವಾರದಲ್ಲಿ ಚರ್ಮವನ್ನು ಉಜ್ಜುವುದೂ ಸುಡುವುದೂ ಬಣ್ಣವನ್ನು ಇಳಿಸುವ ಬದಲು ಹೆಚ್ಚಿಸುವ ಕೆಲಸ ಎಂಬುದು ಸ್ಪಷ್ಟವಾಗುತ್ತದೆ.

ಹೊರಚರ್ಮದ ತೀರಾ ತಳದ ಸಾಲಿನಲ್ಲಿ ಅಲ್ಲಲ್ಲಿ ಮೆಲನೋಸೈಟ್ ಎಂಬ ಕೋಶಗಳಿವೆ. ಅವುಗಳ ಮೈಯಿಂದ ಕವಲುಕವಲಾಗಿ ಚಾಚಿದ ತೋಳುಗಳು ಸುತ್ತಲಿನ ಚರ್ಮಕೋಶಗಳ ನಡುವೆ ನುಸುಳಿರುತ್ತವೆ. ಒಂದೊಂದು ಮೆಲನೋಸೈಟ್ ಸುಮಾರು ಮೂವತ್ತಾರು ಚರ್ಮಕೋಶಗಳಿಗೆ ಬಣ್ಣ ಒದಗಿಸುತ್ತದೆ. ಕಿರಣ ತಾಗಿ ಚರ್ಮಕೋಶದ ಡಿಎನ್‌ಎಗೆ ಪೆಟ್ಟಾದಾಗ ಆ ಕೋಶ ಒಂದು ಹಾರ್ಮೋನನ್ನು ಹೊರಬಿಡುತ್ತದೆ. ಆ ಸಂದೇಶ ತಲುಪಿದ ಮೆಲನೋಸೈಟ್ ಟೈರೋಸಿನೇಸ್ ಎಂಬ ಕಿಣ್ವವನ್ನು ಹೆಚ್ಚಿಸಿಕೊಂಡು, ಟೈರೋಸಿನ್ ಎಂಬ ಅಮೈನೋ ಆಮ್ಲದಿಂದ ಮೆಲನಿನ್ ತಯಾರಿಸುತ್ತದೆ. ತಯಾರಾದ ಬಣ್ಣ ಪುಟ್ಟ ಚೀಲಗಳಲ್ಲಿ ತುಂಬಿ, ತೋಳುಗಳ ಮೂಲಕ ಸಾಗಿ ಪಕ್ಕದ ಚರ್ಮಕೋಶಗಳನ್ನು ಸೇರುತ್ತದೆ. ಅಲ್ಲಿ ಅದು ಎಲ್ಲೆಂದರಲ್ಲಿ ಹರಡದೆ, ಕೋಶಕೇಂದ್ರದ ಮೇಲ್ಭಾಗದಲ್ಲಿ, ಬಿಸಿಲು ಬರುವ ದಿಕ್ಕಿಗೆ ಕೊಡೆ ಹಿಡಿದ ಹಾಗೆ ನೆಲೆ ನಿಲ್ಲುತ್ತದೆ. ಡಿಎನ್‌ಎಯನ್ನು ಮುಂದಿನ ಪೆಟ್ಟಿನಿಂದ ಕಾಪಾಡುವುದೇ ಇದರ ಕೆಲಸ. ಪ್ರವಾಸದ ಮೊದಲ ದಿನ ಕೆಲವೇ ನಿಮಿಷಗಳಲ್ಲಿ ಕಾಣುವ ಕಪ್ಪು ಬೇರೆ ಬಗೆಯದು. ಅದು ಮೊದಲೇ ಇದ್ದ ಮೆಲನಿನ್ ಉತ್ಕರ್ಷಣಗೊಂಡು ಗಾಢವಾದದ್ದು. ಹೊಸ ಬಣ್ಣ ಕಟ್ಟಿಕೊಳ್ಳಲು ಮೂರರಿಂದ ಐದು ದಿನ ಬೇಕು. ಆದ್ದರಿಂದ ಕೊನೆಯ ದಿನದ ಬಿಸಿಲಿನ ಫಲ ಮನೆಗೆ ಬಂದ ಮೇಲೆ ಕಾಣುತ್ತದೆ. ಊರಿಗೆ ಬಂದ ಮೇಲೂ ಕಪ್ಪಾಗುತ್ತಲೇ ಇದ್ದೇನೆ ಎಂದು ಕೆಲವರು ಗಾಬರಿಯಾಗುವುದು ಇದಕ್ಕೇ.

ಇಷ್ಟು ತಿಳಿದರೆ ಬಣ್ಣ ಇಳಿಯುವ ದಾರಿಯೂ ತಿಳಿಯುತ್ತದೆ. ತಳದಲ್ಲಿ ಹುಟ್ಟಿದ ಚರ್ಮಕೋಶ ಮೆಲ್ಲಗೆ ಮೇಲೇರಿ, ಸತ್ತು, ಕೊನೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹೊಟ್ಟಾಗಿ ಉದುರುತ್ತದೆ. ತನ್ನೊಳಗಿನ ಮೆಲನಿನ್ನನ್ನೂ ಜೊತೆಗೇ ಒಯ್ಯುತ್ತದೆ. ಈ ಪಯಣಕ್ಕೆ ಹರೆಯದವರಲ್ಲಿ ಸುಮಾರು ನಾಲ್ಕು ವಾರ, ವಯಸ್ಸಾದಂತೆ ಆರು ವಾರ ಅಥವಾ ಇನ್ನೂ ಹೆಚ್ಚು ಬೇಕು. ಹೊಸ ಬಿಸಿಲಿನ ಸಂದೇಶ ಬರದಿದ್ದರೆ ಮೆಲನೋಸೈಟ್ ತಾನಾಗಿಯೇ ಉತ್ಪಾದನೆ ತಗ್ಗಿಸುತ್ತದೆ, ಬಣ್ಣ ತುಂಬಿದ ಕೋಶಗಳು ಒಂದೊಂದಾಗಿ ಉದುರುತ್ತವೆ. ಅಂದರೆ ಬಣ್ಣ ಇಳಿಸುವ ಮುಖ್ಯ ಕೆಲಸವನ್ನು ಚರ್ಮವೇ ಮಾಡುತ್ತದೆ. ನಮ್ಮ ಪಾಲಿನ ಕೆಲಸ ಎರಡು: ಹೊಸ ಸಂದೇಶ ಹೋಗದಂತೆ ತಡೆಯುವುದು, ಮತ್ತು ಆ ಅವಧಿಯಲ್ಲಿ ಚರ್ಮಕ್ಕೆ ಬೇರೆ ಗಾಯ ಮಾಡದಿರುವುದು.

ಗಾಯದ ಮಾತು ನಮ್ಮ ಚರ್ಮದ ಮಟ್ಟಿಗೆ ಬಹಳ ಮುಖ್ಯ. ಗೋಧಿ ಬಣ್ಣದಿಂದ ಕಪ್ಪಿನವರೆಗಿನ ಚರ್ಮದಲ್ಲಿ ಯಾವುದೇ ಉರಿಯೂತ ಮಾಸಿದ ಮೇಲೂ ಕಪ್ಪು ಕಲೆ ಉಳಿಯುವುದು ಸಾಮಾನ್ಯ. ಮೊಡವೆ ಒಣಗಿದ ಮೇಲೆ, ಸೊಳ್ಳೆ ಕಚ್ಚಿದ್ದನ್ನು ಕೆರೆದ ಮೇಲೆ ಇದನ್ನು ಎಲ್ಲರೂ ಕಂಡಿರುತ್ತಾರೆ. ಉರಿಯೂತದಲ್ಲಿ ಹೊರಬೀಳುವ ರಾಸಾಯನಿಕಗಳೂ ಮೆಲನೋಸೈಟ್ ಅನ್ನು ಕೆರಳಿಸುತ್ತವೆ. ಒರಟು ಸ್ಕ್ರಬ್‌ನಿಂದ ಉಜ್ಜಿ ಕೆಂಪಾದ ಕೆನ್ನೆ, ಪಾರ್ಲರ್‌ನ ಬ್ಲೀಚ್ ಹಚ್ಚಿ ಉರಿದ ಹಣೆ ಮುಂದಿನ ವಾರ ಮೊದಲಿಗಿಂತ ಕಪ್ಪಾದರೆ ಅದಕ್ಕೆ ಕಾರಣ ಇದೇ. ಬ್ಲೀಚ್ ಮುಖದ ನವಿರು ಕೂದಲನ್ನು ಬಿಳಿಚಿಸುವುದರಿಂದ ಮುಖ ತಿಳಿಯಾದಂತೆ ತೋರುತ್ತದೆ; ತಳದ ಮೆಲನೋಸೈಟ್ ತನ್ನ ಪಾಡಿಗೆ ದುಡಿಯುತ್ತಲೇ ಇರುತ್ತದೆ. ನಿಂಬೆರಸದ ಅಪಾಯ ಇದಕ್ಕಿಂತ ದೊಡ್ಡದು. ನಿಂಬೆಯ ಜಾತಿಯ ಹಣ್ಣುಗಳಲ್ಲಿರುವ ಫ್ಯೂರೋಕೌಮರಿನ್ ಎಂಬ ವಸ್ತು ಬಿಸಿಲಿನೊಡನೆ ಸೇರಿ ಚರ್ಮವನ್ನು ಸುಡುತ್ತದೆ. ಒಂದೆರಡು ದಿನದಲ್ಲಿ ಕೆಂಪಾಗಿ, ಕೆಲವೊಮ್ಮೆ ಬೊಬ್ಬೆ ಎದ್ದು, ಕೊನೆಗೆ ರಸ ಹರಿದ ಆಕಾರದಲ್ಲೇ ತಿಂಗಳುಗಟ್ಟಲೆ ಕಪ್ಪು ಗೆರೆ ಉಳಿಯುತ್ತದೆ.

ಅಜ್ಜಿಯ ಕಾಲದಿಂದ ಬಂದ ಕಡಲೆಹಿಟ್ಟು, ಮೊಸರು, ಅರಿಶಿನ ಹಚ್ಚಿದಾಗ ಮುಖ ಹೊಳೆಯುವುದಿಲ್ಲವೇ ಎಂಬ ಆಕ್ಷೇಪಕ್ಕೆ ಪ್ರಾಮಾಣಿಕ ಉತ್ತರ ಹೌದು, ಸ್ವಲ್ಪ ಹೊಳೆಯುತ್ತದೆ. ಹಿಟ್ಟು ಜಿಡ್ಡನ್ನೂ ಮೇಲಿನ ಸತ್ತ ಕೋಶಗಳನ್ನೂ ತೆಗೆಯುತ್ತದೆ, ಮೊಸರಿನ ಲ್ಯಾಕ್ಟಿಕ್ ಆಮ್ಲ ಅವುಗಳನ್ನು ತುಸು ಸಡಿಲಿಸುತ್ತದೆ, ಸಮತಟ್ಟಾದ ಮೇಲ್ಮೈ ಬೆಳಕನ್ನು ಹೆಚ್ಚು ಚೆನ್ನಾಗಿ ಹಿಂತಿರುಗಿಸುತ್ತದೆ. ಉಜ್ಜದೆ ಹಚ್ಚಿ, ಒಣಗಿ ಬಿಗಿಯುವ ಮೊದಲೇ ತೊಳೆದರೆ ಹೆಚ್ಚಿನವರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಲೇಪ ತಳದ ಸಾಲನ್ನು ಮುಟ್ಟುವುದಿಲ್ಲ, ಆದ್ದರಿಂದ ಅದರ ಫಲ ಒಂದೆರಡು ದಿನದ್ದು. ಪಾರ್ಲರ್‌ನ ದುಬಾರಿ ಡಿ-ಟ್ಯಾನ್ ಪ್ಯಾಕ್‌ಗಳ ಫಲವೂ ಬಹುಮಟ್ಟಿಗೆ ಇಷ್ಟೇ.

ಹಾಗಾದರೆ ಊರಿಗೆ ಮರಳಿದವರು ಮಾಡಬೇಕಾದ್ದೇನು? ಮೊದಲ ವಾರ ಚರ್ಮ ಇನ್ನೂ ಕೆಂಪಾಗಿದ್ದರೆ, ಸಿಪ್ಪೆ ಏಳುತ್ತಿದ್ದರೆ, ಬಣ್ಣ ಇಳಿಸುವ ಯಾವ ವಸ್ತುವನ್ನೂ ಹಚ್ಚಬಾರದು. ಮೃದುವಾದ ಫೇಸ್‌ವಾಷ್, ಸುವಾಸನೆಯಿಲ್ಲದ ಮಾಯಿಶ್ಚರೈಸರ್, ಹಗಲಲ್ಲಿ ಸನ್‌ಸ್ಕ್ರೀನ್, ಇಷ್ಟೇ ಸಾಕು. ಸಿಪ್ಪೆಯನ್ನು ಕಿತ್ತು ತೆಗೆಯುವುದೂ ಬೇಡ. ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಹೆಚ್ಚಿನದಾಗಿದ್ದು, ಯುವಿಎ ಕಿರಣವನ್ನೂ ತಡೆಯುವಂಥದ್ದಾಗಿರಬೇಕು. ಡಬ್ಬಿಯ ಮೇಲಿನ ಸಂಖ್ಯೆ ದಪ್ಪಗೆ ಹಚ್ಚಿ ಅಳೆದದ್ದು. ನಾವು ಹಚ್ಚುವುದು ಸಾಮಾನ್ಯವಾಗಿ ಅದರ ಅರ್ಧಕ್ಕೂ ಕಡಿಮೆ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಎಳೆದಷ್ಟು ಸನ್‌ಸ್ಕ್ರೀನ್ ಮುಖ ಮತ್ತು ಕತ್ತಿಗೆ ಬೇಕು, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಮುಂಗೈಗೆ ತುಂಬುತೋಳಿನ ಬಟ್ಟೆಯೇ ಉತ್ತಮ. ಕಾರಿನ ಪಕ್ಕದ ಕಿಟಕಿಯ ಸಾಮಾನ್ಯ ಗಾಜು ಯುವಿಎಯನ್ನು ಸಾಕಷ್ಟು ಒಳಬಿಡುತ್ತದೆ ಎಂಬುದನ್ನೂ ನೆನಪಿಡಬೇಕು.

ಚರ್ಮ ಶಾಂತವಾದ ಮೇಲೆ, ಎರಡನೆಯ ವಾರದಿಂದ, ರಾತ್ರಿ ಹೊತ್ತು ಶೇ 5ರ ನಿಯಾಸಿನಮೈಡ್ ಹಚ್ಚಬಹುದು. ಇದು ಬಿ3 ವಿಟಮಿನ್ನಿನ ಒಂದು ರೂಪ. 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದು ಟೈರೋಸಿನೇಸ್ ಅನ್ನು ತಡೆಯುವುದಿಲ್ಲ, ಬಣ್ಣದ ಚೀಲಗಳು ಮೆಲನೋಸೈಟ್‌ನಿಂದ ಚರ್ಮಕೋಶಗಳಿಗೆ ದಾಟುವುದನ್ನು ತಗ್ಗಿಸುತ್ತದೆ ಎಂದು ತೋರಿಸಿತು. ಹಚ್ಚಿಕೊಂಡವರಲ್ಲಿ ಬದಲಾವಣೆ ಕಾಣಿಸಿದ್ದು ನಾಲ್ಕು ವಾರಗಳ ಹೊತ್ತಿಗೆ. ಬೆಳಿಗ್ಗೆ ಸನ್‌ಸ್ಕ್ರೀನಿನ ಕೆಳಗೆ ಶೇ 10ರ ವಿಟಮಿನ್ ಸಿ ಸೀರಮ್ ಸೇರಿಸಬಹುದು. ಅದು ಟೈರೋಸಿನೇಸ್‌ನ ಕೆಲಸಕ್ಕೆ ಅಡ್ಡಿಪಡಿಸುತ್ತದೆ, ಆದರೆ ಕಂದು ಬಣ್ಣಕ್ಕೆ ತಿರುಗಿದ ಸೀರಮ್ ಕೆಟ್ಟಿದೆ ಎಂದು ತಿಳಿದು ಬಿಡಬೇಕು. ಎರಡನ್ನೂ ಒಂದೇ ದಿನ ಶುರು ಮಾಡಬಾರದು. ಮೊದಲು ಮೊಣಕೈ ಒಳಬದಿಗೆ ಮೂರು ದಿನ ಹಚ್ಚಿ ನೋಡಿ, ತುರಿಕೆ ಇಲ್ಲವೆಂದಾದ ಮೇಲೆ ಮುಖಕ್ಕೆ, ವಾರ ಬಿಟ್ಟು ಇನ್ನೊಂದು. ಲ್ಯಾಕ್ಟಿಕ್ ಅಥವಾ ಗ್ಲೈಕಾಲಿಕ್ ಆಮ್ಲದ ಸೌಮ್ಯ ಕ್ರೀಮ್ ಬೇಕೆನಿಸಿದರೆ ಮೂರನೆಯ ವಾರದ ನಂತರ, ವಾರಕ್ಕೊಂದು ರಾತ್ರಿ ಸಾಕು. ಈ ಆಮ್ಲಗಳು ಬಿಸಿಲಿಗೆ ಚರ್ಮದ ಸೂಕ್ಷ್ಮತೆಯನ್ನು ಹೆಚ್ಚಿಸುವುದರಿಂದ ಸನ್‌ಸ್ಕ್ರೀನ್ ಹಚ್ಚದವರು ಇವುಗಳ ತಂಟೆಗೆ ಹೋಗದಿರುವುದೇ ಒಳ್ಳೆಯದು. ಯಾವ ಹಂತದಲ್ಲೇ ಆಗಲಿ ಉರಿ ಕೆಲವು ನಿಮಿಷ ಮೀರಿ ಉಳಿದರೆ, ಕೆಂಪು ಮರುದಿನವೂ ಇದ್ದರೆ, ನಿಲ್ಲಿಸಬೇಕು.

ಮದುವೆ ಮುಂದಿನ ವಾರವಿದೆ, ಎರಡು ತಿಂಗಳು ಕಾಯಲು ಸಾಧ್ಯವಿಲ್ಲ ಎನ್ನುವವರಿದ್ದಾರೆ. ಈ ಅವಸರವನ್ನೇ ನಂಬಿ ಮಾರಾಟವಾಗುವ ಎರಡು ಬಗೆಯ ಕ್ರೀಮ್‌ಗಳು ನಿಜಕ್ಕೂ ಬೇಗ ಬಿಳುಪು ತರುತ್ತವೆ, ಅಪಾಯವೂ ಅವುಗಳಲ್ಲೇ ಇದೆ. ಒಂದು, ಸ್ಟೀರಾಯ್ಡ್ ಬೆರೆತ ಕ್ರೀಮ್. ಬಳಸುತ್ತ ಹೋದಂತೆ ಇದು ಚರ್ಮವನ್ನು ತೆಳುವಾಗಿಸಿ, ರಕ್ತನಾಳಗಳು ಎದ್ದು ಕಾಣುವಂತೆ ಮಾಡಿ, ಬಿಟ್ಟೊಡನೆ ಮುಖ ಉರಿದು ಮೊಡವೆ ಏಳುವ ಸ್ಥಿತಿಗೆ ತರುತ್ತದೆ. ಇನ್ನೊಂದು, ಪಾದರಸವಿರುವ ಕ್ರೀಮ್. ಪಾದರಸ ಟೈರೋಸಿನೇಸ್ ಅನ್ನು ಕಟ್ಟಿಹಾಕುತ್ತದೆ, ಜೊತೆಗೇ ಚರ್ಮದ ಮೂಲಕ ರಕ್ತ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಹೀಗೆ ಕಾಯಿಲೆ ಬಿದ್ದವರನ್ನು ವೈದ್ಯರು ಗುರುತಿಸಿದ ಮೇಲೆ 2023ರಲ್ಲಿ ಆ ರಾಜ್ಯ ಇಂಥ ಕ್ರೀಮ್‌ಗಳ ವಿರುದ್ಧ ತಪಾಸಣೆ ನಡೆಸಿತು. ತಯಾರಕರ ವಿಳಾಸವಾಗಲಿ ಒಳಗಿನ ವಸ್ತುಗಳ ಪಟ್ಟಿಯಾಗಲಿ ಇಲ್ಲದೆ, ವಾರದಲ್ಲಿ ಬಿಳುಪು ಎಂದು ಹೇಳುವ ಡಬ್ಬಿಯನ್ನು ಮುಟ್ಟಬಾರದು. ಮುಂದಿನ ವಾರದ ಮದುವೆಗೆ ಮುಖದ ಬಣ್ಣಕ್ಕೆ ಹೊಂದುವ ಮೇಕಪ್ಪೇ ಸುರಕ್ಷಿತ ದಾರಿ.

ಕಪ್ಪು ಚರ್ಮಕ್ಕೆ ಸಹಜ ರಕ್ಷಣೆ ಇರುವಾಗ ಸನ್‌ಸ್ಕ್ರೀನ್ ಯಾಕೆ ಎಂಬುದು ಇನ್ನೊಂದು ವಾದ. ರಕ್ಷಣೆ ಇದೆ, ನಿಜ. ಗೌರವರ್ಣದವರಿಗಿಂತ ನಮಗೆ ಚರ್ಮ ಸುಡುವುದೂ ಕಡಿಮೆ, ಚರ್ಮದ ಕ್ಯಾನ್ಸರೂ ಕಡಿಮೆ. ಆದರೆ ಬಣ್ಣದ ಏರುಪೇರಿನ ವಿಷಯದಲ್ಲಿ ಲೆಕ್ಕ ತಿರುಗುತ್ತದೆ, ಏಕೆಂದರೆ ನಮ್ಮ ಮೆಲನೋಸೈಟ್‌ಗಳು ಚುರುಕಾಗಿ ಪ್ರತಿಕ್ರಿಯಿಸುತ್ತವೆ. ಕಣ್ಣಿಗೆ ಕಾಣುವ ಬೆಳಕೂ, ಅದರಲ್ಲೂ ನೀಲಿ ಭಾಗ, ಕಂದು ಮತ್ತು ಕಪ್ಪು ಚರ್ಮದಲ್ಲಿ ಬಣ್ಣ ಕಟ್ಟಿಸುತ್ತದೆ ಎಂದು 2010ರ ನಂತರದ ಅಧ್ಯಯನಗಳು ತೋರಿಸಿವೆ. ಸಾಮಾನ್ಯ ಸನ್‌ಸ್ಕ್ರೀನ್ ಇದನ್ನು ಅಷ್ಟಾಗಿ ತಡೆಯುವುದಿಲ್ಲ. ಐರನ್ ಆಕ್ಸೈಡ್ ಸೇರಿಸಿದ, ಬಣ್ಣವಿರುವ ಸನ್‌ಸ್ಕ್ರೀನ್ ತಡೆಯುತ್ತದೆ. ಕೆನ್ನೆಯಲ್ಲಿ ಕಲೆ ಉಳಿಯುವವರು ಅದನ್ನೇ ಆರಿಸಿಕೊಳ್ಳಬೇಕು.

ಎಷ್ಟು ಬಣ್ಣ ಇಳಿದರೆ ಸಾಕು ಎಂಬುದಕ್ಕೆ ಅಳತೆ ನಮ್ಮ ಮೈಮೇಲೇ ಇದೆ. ಮೇಲ್ತೋಳಿನ ಒಳಬದಿ ಬಿಸಿಲು ಕಾಣದ ಜಾಗ. ಹೆಚ್ಚುಕಡಿಮೆ ಅದು ಹುಟ್ಟಿನಿಂದ ಬಂದ ಬಣ್ಣ. ಅದಕ್ಕಿಂತ ತಿಳಿಯಾದ ಮುಖವನ್ನು ಬಯಸುವುದೆಂದರೆ ಆರೋಗ್ಯವಂತ ಚರ್ಮವನ್ನು ಕಾಯಿಲೆಯೆಂದು ಭಾವಿಸಿ ಔಷಧ ಹಾಕಿದಂತೆ, ಸ್ಟೀರಾಯ್ಡ್ ಮತ್ತು ಪಾದರಸದ ಮಾರುಕಟ್ಟೆ ನಿಂತಿರುವುದೂ ಆ ಬಯಕೆಯ ಮೇಲೆಯೇ. ಮರಳಿದ ದಿನ ಕಿಟಕಿಯ ಪಕ್ಕದಲ್ಲಿ ಮುಖ, ಮುಂಗೈ, ಮೇಲ್ತೋಳಿನ ಒಳಬದಿಯ ಫೋಟೋ ತೆಗೆದು, ಎರಡು ವಾರಕ್ಕೊಮ್ಮೆ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಮತ್ತೆ ತೆಗೆದು ಹೋಲಿಸಬೇಕು. ಆರರಿಂದ ಎಂಟು ವಾರದಲ್ಲಿ ಮುಖ ಬಹುಪಾಲು ಮರಳುತ್ತದೆ, ಮುಂಗೈಗೆ ಇನ್ನೂ ಸಮಯ ಹಿಡಿಯಬಹುದು. ಮೂರು ತಿಂಗಳಾದರೂ ಎರಡೂ ಕೆನ್ನೆಗಳಲ್ಲಿ, ಹಣೆಯಲ್ಲಿ, ಮೇಲ್ತುಟಿಯ ಮೇಲೆ ಒಂದೇ ಸಮನಾಗಿ ಕಂದು ತೇಪೆ ಉಳಿದಿದ್ದರೆ ಅದು ಬಂಗು ಇರಬಹುದು. ಅದಕ್ಕೆ ಹಾರ್ಮೋನಿನ ಪಾಲೂ ಇದೆ, ಬಣ್ಣ ಕೆಲವೊಮ್ಮೆ ಒಳಚರ್ಮದವರೆಗೂ ಇಳಿದಿರುತ್ತದೆ, ಹಾಗಾಗಿ ಇಲ್ಲಿ ಹೇಳಿದ ಕ್ರಮ ಅದಕ್ಕೆ ಸಾಲದು; ಚರ್ಮವೈದ್ಯರ ಬಳಿ ಹೋಗಬೇಕು. ಬಂಗಿಲ್ಲದ ಹೆಚ್ಚಿನವರಿಗೆ ನೆರಳು, ಸಾಕಷ್ಟು ಸನ್‌ಸ್ಕ್ರೀನ್ ಮತ್ತು ಎರಡು ತಿಂಗಳ ತಾಳ್ಮೆ ಸಾಕು. ನಿಯಾಸಿನಮೈಡ್, ವಿಟಮಿನ್ ಸಿ ಅದಕ್ಕೆ ನೀಡುವುದು ಸಣ್ಣ ನೆರವು ಮಾತ್ರ.