ಮೂರ್ತಿ ಬೇಕೇ ಬೇಡವೇ: ಒಂದು ಪ್ರಶ್ನೆಪತ್ರಿಕೆ ಹುಟ್ಟುವ ಬಗೆ

ಇಂಗ್ಲೆಂಡಿನಲ್ಲಿ ಹದಿನಾರರ ಆಸುಪಾಸಿನ ಮಕ್ಕಳು ಬರೆಯುವ ಜಿಸಿಎಸ್‌ಇ ಪರೀಕ್ಷೆಯಲ್ಲಿ ಧರ್ಮಗಳ ಅಧ್ಯಯನವೂ ಒಂದು ವಿಷಯ. ಕ್ರೈಸ್ತ, ಇಸ್ಲಾಂ, ಬೌದ್ಧ, ಸಿಖ್ ಧರ್ಮಗಳಂತೆ ಹಿಂದೂ ಧರ್ಮವನ್ನೂ ಆರಿಸಿಕೊಳ್ಳಬಹುದು. 2016ರಿಂದ ಪಾಠಕ್ಕೆ ಬಂದ ಈಗಿನ ಪಠ್ಯಕ್ರಮದಲ್ಲಿ ಅರ್ಧ ಅಂಕ ತಿಳಿವಳಿಕೆಗೆ, ಇನ್ನರ್ಧ ವಿಶ್ಲೇಷಣೆ ಮತ್ತು ಮೌಲ್ಯಮಾಪನಕ್ಕೆ. ಅಲ್ಲಿನ ಎಕ್ಯೂಎ ಎಂಬ ಪರೀಕ್ಷಾ ಮಂಡಳಿ ಪ್ರತಿ ಭಾಗಕ್ಕೂ ಐದು ಮೆಟ್ಟಿಲಿನ ಪ್ರಶ್ನೆ ಕೊಡುತ್ತದೆ: 1, 2, 4, 5, ಕೊನೆಗೆ 12 ಅಂಕ.

ನಮ್ಮ ಶಿಕ್ಷಕರಿಗೆ ಇದರ ಹಿಂದಿರುವ ವಿಚಾರ ಹೊಸದೇನಲ್ಲ. ನಮ್ಮಲ್ಲಿ ಪ್ರಶ್ನೆಪತ್ರಿಕೆಗೆ ನೀಲನಕ್ಷೆ ಹಾಕುವಾಗ ಜ್ಞಾನ, ತಿಳಿವಳಿಕೆ, ಅನ್ವಯ ಎಂದು ಬರೆಯುವ ಕಾಲಂಗಳ ಬೇರು 1956ರಲ್ಲಿ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು ಮಾಡಿದ ವರ್ಗೀಕರಣದಲ್ಲೇ ಇದೆ. ಆದರೆ ಧರ್ಮದ ವಿಷಯಕ್ಕೆ ಬಂದಾಗ ಈ ಮೆಟ್ಟಿಲು ಕಟ್ಟುವುದು ಸೂಕ್ಷ್ಮದ ಕೆಲಸ. ಮಗುವಿನ ನಂಬಿಕೆಗೆ ಅಂಕ ಕೊಡುವಂತಿಲ್ಲ, ಅದು ಯೋಚಿಸಿದ ರೀತಿಗೆ ಮಾತ್ರ ಕೊಡಬೇಕು.

ಮೂರ್ತಿಪೂಜೆಯನ್ನೇ ಇಟ್ಟುಕೊಂಡು ಆ ಮಾದರಿಯಲ್ಲಿ ನಾವೇ ಒಂದು ಪ್ರಶ್ನೆ ಕಟ್ಟಿ ನೋಡೋಣ. ಮೊದಲ ಅಂಕಕ್ಕೆ: ದೇವರಿಗೆ ಹೂವು, ಹಣ್ಣು, ದೀಪ ಅರ್ಪಿಸುವ ಆಚರಣೆ ಯಾವುದು? ಪೂಜೆ, ಜಪ, ಯೋಗ, ಉಪವಾಸಗಳಲ್ಲಿ ಒಂದನ್ನು ಗುರುತಿಸಿದರೆ ಆಯಿತು. ಎರಡು ಅಂಕಕ್ಕೆ, ಮನೆಯ ಪೂಜೆಯಲ್ಲಿ ಬಳಸುವ ಎರಡು ವಸ್ತುಗಳನ್ನು ಹೆಸರಿಸಬೇಕು. ಇವೆರಡೂ ಬರೀ ನೆನಪು. ಇಲ್ಲಿ ಹಲವರು ಎಡವುತ್ತಾರೆ: ಯಾರಿಗೂ ಗೊತ್ತಿಲ್ಲದ ಪೂಜಾಪಾತ್ರೆಯೊಂದರ ಹೆಸರು ಕೇಳಿ, ಪ್ರಶ್ನೆ ಮೇಲಿನ ಮಟ್ಟದ್ದಾಯಿತು ಎಂದುಕೊಳ್ಳುತ್ತಾರೆ. ಅದು ಕಷ್ಟದ ಪ್ರಶ್ನೆ ನಿಜ, ಆದರೂ ಕೇಳುತ್ತಿರುವುದು ನೆನಪನ್ನೇ.

ನಾಲ್ಕು ಅಂಕಕ್ಕೆ ಬಂದಾಗ, ಹಿಂದೂಗಳು ದೇವರನ್ನು ಆರಾಧಿಸುವ ಪರಸ್ಪರ ಭಿನ್ನವಾದ ಎರಡು ರೀತಿಗಳನ್ನು ವಿವರಿಸಿ ಎನ್ನಬಹುದು. ದೇವಸ್ಥಾನದ ಪೂಜೆ, ಮೂರ್ತಿಯಿಲ್ಲದ ಧ್ಯಾನ ಎಂದು ಹೆಸರಿಸಿದರೆ ಒಂದೊಂದು ಅಂಕ. ಭಕ್ತ ಅದನ್ನು ಹೇಗೆ, ಏಕೆ ಮಾಡುತ್ತಾನೆಂದು ಬಿಡಿಸಿ ಹೇಳಿದರೆ ಮತ್ತೊಂದೊಂದು. ಐದು ಅಂಕಕ್ಕೆ, ಮೂರ್ತಿಗೆ ಮಹತ್ವ ಕೊಡಲು ಎರಡು ಕಾರಣಗಳನ್ನು ವಿವರಿಸಿ, ಒಂದು ಧರ್ಮಗ್ರಂಥದ ಆಧಾರ ಕೊಡಬೇಕು. ಆ ಆಧಾರಕ್ಕೇ ಐದನೆಯ ಅಂಕ. ಭಗವದ್ಗೀತೆಯ ಹನ್ನೆರಡನೇ ಅಧ್ಯಾಯದಲ್ಲಿ, ದೇಹಧಾರಿಗಳಿಗೆ ಅವ್ಯಕ್ತದ ಉಪಾಸನೆ ಕಷ್ಟದ ದಾರಿ ಎಂಬ ಮಾತಿದೆ. ಅದನ್ನು ನೆನೆದ ಮಗುವಿಗೆ ಅಂಕ ಸಿಗುತ್ತದೆ.

ಪ್ರಶ್ನೆ ತೆಗೆಯುವವರ ನಿಜವಾದ ಕಸುಬು ಕಾಣುವುದು ಹನ್ನೆರಡು ಅಂಕದಲ್ಲಿ. ಇಲ್ಲಿ ಒಂದು ಹೇಳಿಕೆ ಕೊಟ್ಟು, ಪರ, ವಿರುದ್ಧ ಎರಡೂ ವಾದಗಳನ್ನು ಮಂಡಿಸಿ ಸಮರ್ಥನೆಯುಳ್ಳ ತೀರ್ಮಾನಕ್ಕೆ ಬರಲು ಹೇಳುತ್ತಾರೆ. ಹೇಳಿಕೆ ಯಾವುದಿರಬೇಕು? ‘ಪೂಜೆ ಒಳ್ಳೆಯದು’ ಎಂದರೆ ವಾದಿಸಲು ಏನೂ ಉಳಿಯುವುದಿಲ್ಲ. ‘ದೇವರೇ ಇಲ್ಲ’ ಎಂದರೆ ಪೂಜೆಯ ಬಗ್ಗೆ ಕಲಿತದ್ದು ಪಕ್ಕಕ್ಕೆ ಸರಿದು ವಾದ ಬೇರೆಲ್ಲಿಗೋ ಹೋಗುತ್ತದೆ. ‘ದೇವರನ್ನು ಆರಾಧಿಸಲು ಮೂರ್ತಿ ಬೇಕೇ ಬೇಕು’ ಎಂಬುದು ಒಳ್ಳೆಯ ಹೇಳಿಕೆ. ಪರವಾಗಿ ದರ್ಶನದ ಕಲ್ಪನೆಯಿದೆ, ಗೀತೆಯಿದೆ. ವಿರುದ್ಧವಾಗಿ ನಿರ್ಗುಣ ಬ್ರಹ್ಮದ ವಿಚಾರವಿದೆ, ಮೂರ್ತಿಪೂಜೆಯನ್ನು ತಿರಸ್ಕರಿಸಿ 1875ರಲ್ಲಿ ದಯಾನಂದ ಸರಸ್ವತಿ ಕಟ್ಟಿದ ಆರ್ಯ ಸಮಾಜವಿದೆ. ಎರಡೂ ಕಡೆಯ ಬಲ ಅದೇ ಪರಂಪರೆಯ ಒಳಗಿನಿಂದ ಬರುತ್ತದೆ. ಕನ್ನಡದ ಮನೆಯಿಂದ ಹೋದ ಮಗುವಾದರೆ ಸ್ಥಾವರವನ್ನು ಪ್ರಶ್ನಿಸಿದ ಬಸವಣ್ಣನೂ ನೆನಪಾದಾನು.

ಉತ್ತರಗಳನ್ನು ನಾಲ್ಕು ಮಟ್ಟಗಳಲ್ಲಿ ಅಳೆಯುತ್ತಾರೆ. ಮೇಲಿನ ಮಟ್ಟಕ್ಕೆ 10ರಿಂದ 12 ಅಂಕ. ಒಬ್ಬ ಹುಡುಗಿ ಪರವಾಗಿ ಮೂರು ಕಾರಣ, ವಿರುದ್ಧವಾಗಿ ಮೂರು ಕಾರಣ ಬರೆದು, ‘ಆದ್ದರಿಂದ ಎರಡೂ ಸರಿ’ ಎಂದು ಮುಗಿಸುತ್ತಾಳೆ ಎನ್ನಿ. ತಿಳಿವಳಿಕೆ ಬೇಕಾದಷ್ಟಿದೆ, ಆದರೆ ಅವಳು ಯಾವುದನ್ನೂ ತೂಗಿಲ್ಲ. ಇನ್ನೊಬ್ಬಳು ಬರೆಯುತ್ತಾಳೆ: ಗೀತೆ ಅವ್ಯಕ್ತದ ದಾರಿಯನ್ನು ಕಷ್ಟ ಎನ್ನುತ್ತದೆ, ಆದರೆ ಆ ದಾರಿ ಹಿಡಿದವರೂ ತನ್ನನ್ನೇ ಸೇರುತ್ತಾರೆ ಎಂದು ಕೃಷ್ಣ ಅಲ್ಲೇ ಹೇಳುತ್ತಾನೆ, ಹಾಗಾಗಿ ಮೂರ್ತಿ ಬಹಳ ಜನಕ್ಕೆ ನೆರವಾದೀತು, ‘ಬೇಕೇ ಬೇಕು’ ಎಂಬ ಮಾತು ಮಾತ್ರ ನಿಲ್ಲುವುದಿಲ್ಲ. ಅದೇ ಅಧ್ಯಾಯವನ್ನು ಇವಳು ಹೇಳಿಕೆಯ ಒಂದು ಪದದ ಮೇಲೆ ತೂಗಿ ನೋಡಿದಳು. ಇದೇ ಮೌಲ್ಯಮಾಪನ. ಅವಳು ನಿತ್ಯ ಪೂಜೆ ಮಾಡುವವಳೋ ಅಲ್ಲವೋ, ಪರೀಕ್ಷಕರಿಗೆ ಸಂಬಂಧವಿಲ್ಲ.

ಈ ಪತ್ರಿಕೆಗೊಂದು ಮಿತಿಯೂ ಇದೆ. ಒಂದು ಮುಕ್ಕಾಲು ಗಂಟೆಯಲ್ಲಿ 96 ಅಂಕದ ಉತ್ತರ ಬರೆಯಬೇಕು, ಅಂದರೆ ಹನ್ನೆರಡು ಅಂಕಕ್ಕೆ ಸಿಗುವುದು ಹದಿಮೂರು ನಿಮಿಷ. ಅಷ್ಟರಲ್ಲಿ ಯೋಚಿಸಲು ಬಿಡುವಿಲ್ಲವೆಂದು ಉತ್ತರದ ಚೌಕಟ್ಟನ್ನು ತೀರ್ಮಾನದ ಸಮೇತ ಮೊದಲೇ ಬಾಯಿಪಾಠ ಮಾಡಿಸಿದರೆ, ಹೊರಗೆ ‘ಮೌಲ್ಯಮಾಪನ ಮಾಡಿ’ ಎಂದಿದ್ದರೂ ಒಳಗೆ ನಡೆಯುವುದು ಸ್ಮರಣೆಯೇ. ಆದ್ದರಿಂದ ಪ್ರಶ್ನೆಯ ಕ್ರಿಯಾಪದ ನೋಡಿ ಮಟ್ಟ ನಿರ್ಧರಿಸುವುದನ್ನು ನಾನು ಒಪ್ಪುವುದಿಲ್ಲ. ಪ್ರಶ್ನೆ ಬರೆದವರು ಮೊದಲು ತಾವೇ ಎರಡು ಉತ್ತರ ಬರೆದು ನೋಡಲಿ: ಒಂದು ಪೂರ್ತಿ ಬಾಯಿಪಾಠದ್ದು, ಇನ್ನೊಂದು ತೂಗಿ ನೋಡಿದ್ದು. ತಮ್ಮ ಅಂಕಸೂಚಿಯ ಪ್ರಕಾರ ಎರಡಕ್ಕೂ ಒಂದೇ ಅಂಕ ಬಂದರೆ, ಹೇಳಿಕೆಯನ್ನೋ ಅಂಕಸೂಚಿಯನ್ನೋ ಬದಲಿಸಬೇಕು.