ಸ್ಕ್ಯಾನ್ ಆದದ್ದು ಎಷ್ಟನೇ ದಿನ?

ಸ್ಕ್ಯಾನ್ ವರದಿಯಲ್ಲಿ ‘ಇಟಿ 9 ಮಿ.ಮೀ.’ ಎಂದಿದ್ದರೆ ಅದು ಗರ್ಭಕೋಶದ ಒಳಪದರದ ದಪ್ಪ. ಮುಟ್ಟಿನ ಎಷ್ಟನೇ ದಿನದ ಅಳತೆ ಎಂಬುದು ಗೊತ್ತಿಲ್ಲದೆ ಆ ಅಂಕಿಗೆ ಅರ್ಥವಿಲ್ಲ.

28 ದಿನಗಳ ಋತುಚಕ್ರದ ಮಹಿಳೆಯೊಬ್ಬರ ವರದಿಗಳು ಹೀಗಿವೆ ಎಂದುಕೊಳ್ಳಿ. 3ನೇ ದಿನ ಪದರ 3 ಮಿ.ಮೀ.; ಎರಡೂ ಅಂಡಾಶಯಗಳಲ್ಲಿ ಒಟ್ಟು 12 ಪುಟ್ಟ ಕೋಶಿಕೆಗಳು. ಈ ಎಣಿಕೆ ಅಂಡಗಳ ದಾಸ್ತಾನಿನ ಅಂದಾಜು ಕೊಡುತ್ತದೆ, ಅವುಗಳ ಗುಣಮಟ್ಟದ್ದಲ್ಲ. ಎಣಿಕೆ ಕಡಿಮೆ ಬಂದ ಮಾತ್ರಕ್ಕೆ ಮಗುವಾಗದೆಂದು ಅಳುವವರನ್ನು ಕಂಡರೆ ಬೇಸರವಾಗುತ್ತದೆ.

12ನೇ ದಿನ ಪದರ 9 ಮಿ.ಮೀ., ಮೂರು ಗೆರೆಗಳಂತೆ ಕಾಣುತ್ತದೆ. ಬಲ ಅಂಡಾಶಯದ ಒಂದೇ ಕೋಶಿಕೆ ದಿನಕ್ಕೆ ಸುಮಾರು 2 ಮಿ.ಮೀ.ನಂತೆ ಬೆಳೆದು 19 ತಲುಪಿದೆ. ಅಂಡ ಬಿಡುಗಡೆ ಹತ್ತಿರವಾಗಿದೆ.

21ನೇ ದಿನ ಪದರ 11 ಮಿ.ಮೀ., ಗೆರೆಗಳು ಮಾಯ, ಇಡೀ ಪದರ ಬೆಳ್ಳಗೆ. ಒಡೆದ ಕೋಶಿಕೆಯ ಜಾಗದಲ್ಲಿ ದಪ್ಪ ಗೋಡೆಯ ಗುಳ್ಳೆಯಿದೆ. ವರದಿ ಇದನ್ನು ‘ಸಿಸ್ಟ್’ ಎಂದು ಕರೆದು ಹೆದರಿಸಬಹುದು. ಸಾಮಾನ್ಯವಾಗಿ ತಾನಾಗಿಯೇ ಕರಗುತ್ತದೆ.

ಅದೇ 9 ಮಿ.ಮೀ. ರಕ್ತಸ್ರಾವ ನಿಂತ ಕೂಡಲೇ, 5ನೇ ದಿನ ಕಂಡರೆ ಪಾಲಿಪ್ ಇರಬಹುದೇ ಎಂದು ವೈದ್ಯರು ನೋಡುತ್ತಾರೆ. ಮುಟ್ಟು ನಿಂತ ಮೇಲೆ ರಕ್ತ ಕಂಡು, ಪದರ 4 ಮಿ.ಮೀ. ಮೀರಿದ್ದರೆ ಬಯಾಪ್ಸಿಯ ಮಾತು ಬರುತ್ತದೆ.